ಪರಿಚಯ ಮಾಡಿಸಿಕೊಡಿ ಎಂದು ಕೇಳುವ ಪತ್ರವನ್ನು, ಓದಿದವರು ಹಾಗೆಯೇ ಮುಂದಕ್ಕೆ ಕಳುಹಿಸುವಂತೆ ಬರೆಯುವುದು ಹೇಗೆ?

ಪ್ರಶ್ನೆ (ಪೀಣ್ಯದ ಸಣ್ಣ ಘಟಕವೊಂದರ ಮಾಲೀಕರು):
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ, ಫಿಕ್ಸ್ಚರ್‌ಗಳನ್ನು ಮಾಡಿಕೊಡುತ್ತೇವೆ. ಬೊಮ್ಮಸಂದ್ರದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಬೇಕಿದೆ. ಅವರ ಪರಿಚಯ ನನ್ನ ಹಳೆಯ ಮೇಲಧಿಕಾರಿಯವರಿಗೆ ಇದೆ. ‘ಸರ್, ಅವರಿಗೆ ನಮ್ಮ ಬಗ್ಗೆ ಒಂದು ಮಾತು ಹೇಳಿ’ ಎಂದು ವಾಟ್ಸಾಪ್‌ನಲ್ಲಿ ಕೇಳಿದೆ. ‘ಆಗಲಿ, ಹೇಳೋಣ’ ಎಂದರು, ಆಮೇಲೆ ಸುದ್ದಿಯಿಲ್ಲ. ಮತ್ತೆ ಕೇಳಲು ಸಂಕೋಚವಾಗುತ್ತಿದೆ. ಹೇಗೆ ಬರೆದರೆ ಅವರಿಗೆ ಸುಲಭವಾದೀತು?

ಉತ್ತರ (ಖರೀದಿ ವಿಭಾಗದಲ್ಲಿದ್ದು ನಿವೃತ್ತರಾದವರು):
ಅವರಿಗೆ ಮನಸ್ಸಿಲ್ಲವೆಂದು ಈಗಲೇ ತೀರ್ಮಾನಿಸಬೇಡಿ. ಆ ‘ಒಂದು ಮಾತು’ ಯಾವುದೆಂದು ನೀವು ಹೇಳದ ಕಾರಣ, ನಿಮ್ಮ ಘಟಕ ಈಗ ಏನು ಮಾಡುತ್ತದೆ, ಬೊಮ್ಮಸಂದ್ರದವರಿಗೆ ಅದರಿಂದ ಏನು ಪ್ರಯೋಜನ, ನಿಮಗೆ ಬೇಕಿರುವುದು ಆರ್ಡರೋ ಭೇಟಿಯೋ ಎಂಬುದನ್ನೆಲ್ಲ ಅವರೇ ಕುಳಿತು ಯೋಚಿಸಿ ಬರೆಯಬೇಕಾಗಿದೆ. ಅಷ್ಟು ಕೆಲಸವಿರುವ ಸಂದೇಶವನ್ನು ಯಾರೇ ಆದರೂ ‘ಭಾನುವಾರ ನೋಡೋಣ’ ಎಂದು ಪಕ್ಕಕ್ಕಿಡುತ್ತಾರೆ. ಆ ಬರವಣಿಗೆಯನ್ನು ನೀವೇ ಮಾಡಿಕೊಡಬೇಕು, ಅವರಿಗೆ ಉಳಿಯುವ ಕೆಲಸ ಮೇಲೊಂದು ಸಾಲು ಬರೆದು ಫಾರ್ವರ್ಡ್ ಮಾಡುವಷ್ಟೇ ಆಗಿರಬೇಕು.

ಇದಕ್ಕೆ ಎರಡು ಬೇರೆ ಬೇರೆ ಸಂದೇಶಗಳು ಬೇಕು, ಒಂದರಲ್ಲೇ ಎರಡನ್ನೂ ತುರುಕಿದರೆ ಕೆಡುತ್ತದೆ. ಮೊದಲನೆಯದು ನಿಮ್ಮ ಮೇಲಧಿಕಾರಿಯವರಿಗೆ ಮಾತ್ರ: ‘ಸರ್, ನಿಮಗೆ ಅವರ ಪರಿಚಯ ಚೆನ್ನಾಗಿದೆಯೇ, ನನ್ನ ಪತ್ರವನ್ನು ಅವರಿಗೆ ಕಳುಹಿಸುವುದು ನಿಮಗೆ ಸರಿ ಅನ್ನಿಸುತ್ತದೆಯೇ? ಮುಜುಗರವಿದ್ದರೆ ಖಂಡಿತ ಬೇಡ, ನಾನು ಏನೂ ಅಂದುಕೊಳ್ಳುವುದಿಲ್ಲ.’ ಕ್ಷೇಮ ಸಮಾಚಾರ, ಹಳೆಯ ಕಾರ್ಖಾನೆಯ ನೆನಪು, ನಿಮ್ಮ ಸಂಕೋಚ, ಎಲ್ಲವೂ ಇದರಲ್ಲೇ ಮುಗಿಯಲಿ. ಅವರು ಒಪ್ಪಿದ ಮೇಲೆ ಎರಡನೆಯದನ್ನು ಹೊಸದೊಂದು ಇ-ಮೇಲ್ ಆಗಿ ಕಳುಹಿಸಿ. ಹಳೆಯ ಮೇಲ್‌ಗೆ ಉತ್ತರವಾಗಿ ಕಳುಹಿಸಬೇಡಿ, ಏಕೆಂದರೆ ಜಿಮೇಲ್‌ನಲ್ಲಿ ಹಿಂದಿನ ಮಾತುಕತೆ ಮೂರು ಚುಕ್ಕೆಗಳ ಹಿಂದೆ ಅಡಗಿರುತ್ತದೆ ಮತ್ತು ಫಾರ್ವರ್ಡ್ ಮಾಡಿದಾಗ ಅದೂ ಜೊತೆಗೆ ಹೋಗುತ್ತದೆ. ಗುತ್ತಿಗೆದಾರರೊಬ್ಬರ ಪತ್ರದ ಅಡಿಯಲ್ಲಿ ‘ಅವರು ಸ್ವಲ್ಪ ಜಿಪುಣರಂತೆ, ಹೌದೇ ಸರ್?’ ಎಂಬ ಸಾಲನ್ನು ನಾನೇ ಓದಿದ್ದೇನೆ. ಆ ‘ಅವರು’ ನಾನೇ ಆಗಿದ್ದೆ.

ಎರಡನೆಯ ಪತ್ರದ ವಿಳಾಸದಲ್ಲಿ ನಿಮ್ಮ ಮೇಲಧಿಕಾರಿಯವರ ಹೆಸರಿದ್ದರೂ, ಅದನ್ನು ನಿಜವಾಗಿ ಓದುವವರು ನಿಮ್ಮನ್ನು ಎಂದೂ ಕಾಣದ ಬೊಮ್ಮಸಂದ್ರದವರು. ಹಾಗಾಗಿ ವಿಷಯದ ಸಾಲಿನಿಂದಲೇ ಅವರಿಗೆ ಅರ್ಥವಾಗಬೇಕು. ‘ಒಂದು ಸಹಾಯ ಸರ್’ ಎಂಬ ವಿಷಯ ನಿಮ್ಮಿಬ್ಬರ ನಡುವೆ ಸರಿಯೇ, ಆದರೆ ಅದೇ ಸಾಲು ಮುಂದೆ ‘Fwd:’ ಅಂಟಿಸಿಕೊಂಡು ಮೂರನೆಯವರ ಪೆಟ್ಟಿಗೆಗೆ ಬಿದ್ದರೆ ಅದನ್ನು ಏಕೆ ತೆರೆಯಬೇಕೆಂದು ಅವರಿಗೆ ತಿಳಿಯುವುದಿಲ್ಲ. ನಿಮ್ಮ ಕೆಲಸದ ಬಗ್ಗೆ ನೀವು ಬರೆದದ್ದು ಕಡಿಮೆ, ಆದ್ದರಿಂದ ಕೆಲವು ವಿವರಗಳನ್ನು ಊಹಿಸಿಕೊಂಡು ಒಂದು ಕರಡು ಕೊಡುತ್ತೇನೆ:

> ವಿಷಯ: ಡ್ರಿಲ್ಲಿಂಗ್ ಫಿಕ್ಸ್ಚರ್‌ಗಳ ಬಗ್ಗೆ 20 ನಿಮಿಷ ಮಾತನಾಡಲು ಕೋರಿಕೆ – ಪೀಣ್ಯದ ಮಷೀನ್ ಶಾಪ್
>
> ಸರ್, ನಿಮ್ಮ ಪರಿಚಯದ ಬೊಮ್ಮಸಂದ್ರದ ಉತ್ಪಾದನಾ ಮುಖ್ಯಸ್ಥರೊಡನೆ 20 ನಿಮಿಷ ಮಾತನಾಡಲು ಸಾಧ್ಯವೇ ಎಂದು ಅವರನ್ನು ಕೇಳಿ ತಿಳಿಸುತ್ತೀರಾ?
>
> ನಾವು ಪೀಣ್ಯದಲ್ಲಿ ಅಲ್ಯೂಮಿನಿಯಂ ಡೈ-ಕಾಸ್ಟಿಂಗ್ ಭಾಗಗಳಿಗೆ ಡ್ರಿಲ್ಲಿಂಗ್ ಮತ್ತು ತಪಾಸಣೆಯ ಫಿಕ್ಸ್ಚರ್‌ಗಳನ್ನು ವಿನ್ಯಾಸ ಮಾಡಿ ತಯಾರಿಸುತ್ತೇವೆ. ನಿಮ್ಮ ಕೈಕೆಳಗೆ ಟೂಲ್ ರೂಮಿನಲ್ಲಿ ಕೆಲಸ ಮಾಡಿದ ಮೇಲೆ ಈ ಘಟಕ ಆರಂಭಿಸಿದೆ.
>
> ಅವರ ಕಾರ್ಖಾನೆಯಲ್ಲಿ ಹೊಸ ಪಂಪ್ ಹೌಸಿಂಗ್ ಮಾದರಿಗಳು ಬರುತ್ತಿವೆ ಎಂದು ಅವರೇ ಉದ್ಯಮ ಸಭೆಯೊಂದರಲ್ಲಿ ಹೇಳಿದ್ದರು. ಅಂಥದ್ದೇ ಭಾಗಕ್ಕೆ ನಾವು ಮಾಡಿದ ಫಿಕ್ಸ್ಚರ್‌ನ ಚಿತ್ರ ಮತ್ತು ಅಳತೆಯ ವರದಿ ಈ ಒಂದು ಕೊಂಡಿಯಲ್ಲಿದೆ.
>
> ಹೊಸ ಭಾಗಗಳ ಫಿಕ್ಸ್ಚರ್ ಕೆಲಸವನ್ನು ಹೊರಗೆ ಕೊಡುವ ಯೋಚನೆ ಇದೆಯೇ ಎಂದು ತಿಳಿಯುವುದಷ್ಟೇ ನನ್ನ ಉದ್ದೇಶ. ಈಗ ಅನುಕೂಲವಿಲ್ಲದಿದ್ದರೆ ತೊಂದರೆಯಿಲ್ಲ.
>
> (ಹೆಸರು, ಘಟಕದ ಹೆಸರು, ಮೊಬೈಲ್ ಸಂಖ್ಯೆ)

ಇದರಲ್ಲಿ ಮೂರನೆಯ ಪ್ಯಾರಾ ಇಲ್ಲದಿದ್ದರೆ ಈ ಪತ್ರವನ್ನು ಯಾವ ಕಾರ್ಖಾನೆಗೆ ಬೇಕಾದರೂ ಕಳುಹಿಸಬಹುದಿತ್ತು, ಓದುವವರಿಗೂ ಹಾಗೆಯೇ ತೋರುತ್ತಿತ್ತು. ‘ಇವರನ್ನೇ ಏಕೆ’ ಎಂಬುದಕ್ಕೆ ನಿಜವಾದ ಒಂದು ಕಾರಣ ಸಿಗದಿದ್ದರೆ, ಪರಿಚಯ ಕೇಳುವ ಸಮಯ ಇನ್ನೂ ಬಂದಿಲ್ಲವೆಂದೇ ನಾನು ಹೇಳುತ್ತೇನೆ. ‘ಕೇಳಿ ತಿಳಿಸುತ್ತೀರಾ’ ಎಂಬ ಮಾತನ್ನೂ ಗಮನಿಸಿ: ಒಪ್ಪಿಗೆಯಿಲ್ಲದೆ ಅವರ ಸಂಖ್ಯೆಯನ್ನು ನಿಮಗೆ ಕೊಡಬೇಕೆಂದು ಅದು ಕೇಳುವುದಿಲ್ಲ. ಅವರು ಬೇಡವೆಂದರೆ ಆ ನಿರಾಕರಣೆ ನಿಮ್ಮ ಮೇಲಧಿಕಾರಿಯವರ ಹತ್ತಿರವೇ ನಿಲ್ಲುತ್ತದೆ, ಯಾರಿಗೂ ಮುಖಭಂಗವಾಗುವುದಿಲ್ಲ. ನಿಮ್ಮ ಗುಣಗಾನವನ್ನು ಮಾತ್ರ ನೀವು ಬರೆಯಬೇಡಿ. ‘ಹುಡುಗ ಕೆಲಸದಲ್ಲಿ ಗಟ್ಟಿ’ ಎಂಬ ಮಾತು ಫಾರ್ವರ್ಡ್ ಮಾಡುವವರ ಆ ಒಂದು ಸಾಲಿನಲ್ಲಿ ಬಂದರೇ ಅದಕ್ಕೆ ತೂಕ.

ಪ್ರತಿಕ್ರಿಯೆ (ರಾಜಾಜಿನಗರದ ವ್ಯಾಪಾರಿಯೊಬ್ಬರು):
ಇಷ್ಟೆಲ್ಲ ಏಕೆ ಸ್ವಾಮಿ? ನಮ್ಮ ಊರಿನಲ್ಲಿ ಮೇಲ್ ಓದುವವರು ಯಾರು? ಚಿಕ್ಕದಾಗಿರಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ವಾಟ್ಸಾಪ್‌ನಲ್ಲಿ ಎರಡು ಸಾಲು, ಕಂಪನಿ ಪ್ರೊಫೈಲ್‌ನ ಪಿಡಿಎಫ್, ಜೊತೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದರೆ ಕೆಲಸ ಆಗುತ್ತದೆ, ನನ್ನ ಅರ್ಧ ಗಿರಾಕಿಗಳು ಹಾಗೆ ಬಂದವರೇ.

ಉತ್ತರ (ನಿವೃತ್ತರು):
ವಾಟ್ಸಾಪ್ ಬೇಡವೆಂದು ನಾನು ಹೇಳುವುದಿಲ್ಲ, ಮೇಲಧಿಕಾರಿಯವರು ಅದನ್ನೇ ಬಳಸುವವರಾದರೆ ಅಲ್ಲಿಯೇ ಬರೆಯಿರಿ. ಆದರೆ ಅಲ್ಲಿ ಒಂದು ಸೂಕ್ಷ್ಮವಿದೆ. ಮುಂದಕ್ಕೆ ಕಳುಹಿಸಿದ ಸಂದೇಶದ ಮೇಲೆ ಫಾರ್ವರ್ಡ್ ಆಗಿದೆ ಎಂಬ ಗುರುತಷ್ಟೇ ಇರುತ್ತದೆ, ಮೂಲತಃ ಬರೆದವರ ಹೆಸರು ಕಾಣುವುದಿಲ್ಲ. ಆದ್ದರಿಂದ ನಿಮ್ಮ ಹೆಸರು, ಘಟಕ, ಸಂಖ್ಯೆಗಳು ಸಂದೇಶದ ಒಳಗೇ ಇರಬೇಕು. ‘ಸರ್’, ‘ಒಂದು ವಿಷಯ’, ‘ಅದೇ ಬೊಮ್ಮಸಂದ್ರದ್ದು’ ಎಂದು ತುಂಡುತುಂಡಾಗಿ ಕಳುಹಿಸಿದರೆ ಅವರು ಒಂದೊಂದನ್ನೂ ಆರಿಸಿ ಜೋಡಿಸಬೇಕಾಗುತ್ತದೆ, ಹಾಗಾಗಿ ಎಲ್ಲವೂ ಒಂದೇ ಸಂದೇಶದಲ್ಲಿರಲಿ. ವಾಯ್ಸ್ ಮೆಸೇಜ್ ಆತ್ಮೀಯರಿಗೆ ಚೆನ್ನ, ಆದರೆ ಪ್ಲಾಂಟಿನ ಸದ್ದಿನ ನಡುವೆ ನಿಂತವರು ಅಪರಿಚಿತರ ಧ್ವನಿಯನ್ನು ಕಿವಿಗೆ ಹಿಡಿದು ಕೇಳುವುದಿಲ್ಲ. ದೊಡ್ಡ ಪ್ರೊಫೈಲ್ ಭೇಟಿ ಆದ ಮೇಲೆ ಕೊಡುವ ವಸ್ತು. ಮೊದಲಿಗೆ ಒಂದು ಚಿತ್ರ ಅಥವಾ ಒಂದು ಕೊಂಡಿ ಸಾಕು.

ಪ್ರತಿಕ್ರಿಯೆ (ಕೆಲಸ ಹುಡುಕುತ್ತಿರುವ ಸಾಫ್ಟ್‌ವೇರ್ ಟೆಸ್ಟರ್, ಬಿಟಿಎಂ ಬಡಾವಣೆ):
ನನಗೂ ಇದೇ ಸಮಸ್ಯೆ ಸರ್. ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಮಾರತ್‌ಹಳ್ಳಿಯ ಕಂಪನಿಯೊಂದರಲ್ಲಿದ್ದಾರೆ. ರೆಸ್ಯೂಮೆ ಕಳುಹಿಸಿ ‘ಯಾವುದಾದರೂ ಓಪನಿಂಗ್ ಇದ್ದರೆ ರೆಫರ್ ಮಾಡಿ’ ಎಂದು ಬರೆದಿದ್ದೇನೆ. ಅವರೂ ನೋಡಿ ಸುಮ್ಮನಾಗಿದ್ದಾರೆ. ಮೇಲಿನ ಕರಡನ್ನೇ ಬದಲಿಸಿ ಕಳುಹಿಸಲೇ?

ಉತ್ತರ (ನಿವೃತ್ತರು):
ನಿಮ್ಮದು ಸ್ವಲ್ಪ ಬೇರೆ ವಿಷಯ ಅಮ್ಮ. ನೀವು ಕೇಳುತ್ತಿರುವುದು ಒಬ್ಬ ವ್ಯಕ್ತಿಯ ಪರಿಚಯವನ್ನಲ್ಲ, ಕಂಪನಿಯೊಳಗಿನ ರೆಫರಲ್ ಅನ್ನು. ಅದಕ್ಕೆ ಸಾಮಾನ್ಯವಾಗಿ ಆ ಅಕ್ಕ ತಮ್ಮ ಕಂಪನಿಯ ಪೋರ್ಟಲ್‌ನಲ್ಲಿ ನಿಮ್ಮ ವಿವರ ತುಂಬಬೇಕಾಗುತ್ತದೆ. ‘ಯಾವುದಾದರೂ’ ಎಂದರೆ ಹುದ್ದೆ ಹುಡುಕುವ ಕೆಲಸವೂ ಅವರ ತಲೆಗೇ ಬಂತು. ಕಂಪನಿಯ ಜಾಲತಾಣದಲ್ಲಿ ನೀವೇ ಹುದ್ದೆಯನ್ನು ಆರಿಸಿ ಅದರ ಐಡಿ ಮತ್ತು ಕೊಂಡಿ, ರೆಸ್ಯೂಮೆ, ಆ ಹುದ್ದೆಗೆ ನೀವು ಹೇಗೆ ಹೊಂದುತ್ತೀರಿ ಎಂಬ ಎರಡು ಸಾಲುಗಳನ್ನು ಒಟ್ಟಿಗೆ ಕಳುಹಿಸಿ. ಆ ಹುದ್ದೆಗೆ ಅದಾಗಲೇ ನೇರವಾಗಿ ಅರ್ಜಿ ಹಾಕಿದ್ದರೆ ಅದನ್ನೂ ಮೊದಲೇ ತಿಳಿಸಿ. ಕೆಲವು ಕಂಪನಿಗಳಲ್ಲಿ ಅಂಥ ಅಭ್ಯರ್ಥಿಗಳನ್ನು ಮತ್ತೆ ರೆಫರ್ ಮಾಡಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಇವತ್ತು ಮೊದಲ ಸಂದೇಶ ಕಳುಹಿಸಿದೆ. ‘ಪರಿಚಯ ಚೆನ್ನಾಗಿಯೇ ಇದೆಯಪ್ಪ, ನನ್ನ ಹೆಸರು ಹೇಳಿ ನೀನೇ ಬರೆದುಬಿಡು’ ಎಂದು ಆ ಮುಖ್ಯಸ್ಥರ ಮೇಲ್ ವಿಳಾಸವನ್ನೂ ಕೊಟ್ಟರು. ಹಾಗೆ ಮಾಡಲೇ? ಪರಿಚಯ ಮಾಡಿಸಿಕೊಟ್ಟರೆ ಆಮೇಲೆ ಏನು ಮಾಡಬೇಕು ಎಂಬುದನ್ನೂ ತಿಳಿಸಿ.

ಉತ್ತರ (ನಿವೃತ್ತರು):
ಮೊದಲು ನಿಮ್ಮ ಎರಡನೆಯ ಪ್ರಶ್ನೆ. ಅವರು ಇಬ್ಬರನ್ನೂ ಸೇರಿಸಿ ಮೇಲ್ ಮಾಡಿದರೆ ಅದೇ ದಿನ, ತಡವಾದರೆ ಮರುದಿನ, ನೀವೇ ಮೊದಲು ಉತ್ತರಿಸಬೇಕು. ಮೇಲಧಿಕಾರಿಯವರಿಗೆ ಒಂದು ಸಾಲಿನಲ್ಲಿ ವಂದಿಸಿ, ಅವರ ವಿಳಾಸವನ್ನು ಬಿಸಿಸಿಗೆ ಸರಿಸಿ, ಬೊಮ್ಮಸಂದ್ರದವರಿಗೆ ಭೇಟಿಗಾಗಿ ಎರಡು ಮೂರು ಸಮಯಗಳನ್ನು ಸೂಚಿಸಿ, ಅವರ ಕಾರ್ಖಾನೆಗೆ ನೀವೇ ಬರುವುದಾಗಿ ಬರೆಯಿರಿ. ಬಿಸಿಸಿಯಲ್ಲಿದ್ದರೆ ನೀವು ಉತ್ತರಿಸಿದ್ದು ಮೇಲಧಿಕಾರಿಯವರಿಗೆ ತಿಳಿಯುತ್ತದೆ, ಆದರೆ ‘ಗುರುವಾರ ಆಗುವುದಿಲ್ಲ, ಶುಕ್ರವಾರ ಹನ್ನೊಂದಕ್ಕೆ’ ಎಂಬ ಮುಂದಿನ ಪತ್ರಗಳು ಅವರ ಪೆಟ್ಟಿಗೆಯನ್ನು ತುಂಬುವುದಿಲ್ಲ. ಭೇಟಿ ಆದ ಮೇಲೆ ಏನಾಯಿತೆಂದು ಅವರಿಗೆ ನೀವಾಗಿಯೇ ತಿಳಿಸಿ, ಕೆಲಸ ಸಿಗದಿದ್ದರೂ ತಿಳಿಸಿ.

ಇನ್ನು ‘ನನ್ನ ಹೆಸರು ಹೇಳು’ ಎಂಬುದು. ಅದು ಅನುಮತಿ ನಿಜ, ಆದರೆ ಶಿಫಾರಸು ಅಲ್ಲ. ಖರೀದಿ ವಿಭಾಗದಲ್ಲಿ ಹೆಸರು ಹೇಳಿಕೊಂಡು ಬರುವ ಪತ್ರಗಳು ಸಾಕಷ್ಟಿರುತ್ತಿದ್ದವು, ಅವುಗಳಲ್ಲಿ ಯಾವುದು ನಿಜವೆಂದು ತಿಳಿಯುವ ಬಗೆ ನಮಗಿರಲಿಲ್ಲ. ಅವರ ಸ್ವಂತ ವಿಳಾಸದಿಂದ ಬಂದ ಪತ್ರವನ್ನಾದರೆ ತೆರೆದು ನೋಡುತ್ತಿದ್ದೆವು. ಆದ್ದರಿಂದ ಸಿದ್ಧವಾಗಿರುವ ಎರಡನೆಯ ಪತ್ರವನ್ನು ಅವರಿಗೇ ಕಳುಹಿಸಿ, ‘ಸರ್, ನೀವು ಹೇಳಿದಂತೆ ಬರೆದಿದ್ದೇನೆ, ಇದನ್ನು ನಿಮ್ಮಿಂದಲೇ ಫಾರ್ವರ್ಡ್ ಮಾಡಲಾದೀತೇ? ಇಲ್ಲವಾದರೆ ನಿಮಗೆ ಸಿಸಿ ಹಾಕಿ ನಾನೇ ಕಳುಹಿಸುತ್ತೇನೆ’ ಎಂದು ವಾಟ್ಸಾಪ್‌ನಲ್ಲಿ ಬೇರೆಯಾಗಿ ಕೇಳಿ.

ಪ್ರತಿಕ್ರಿಯೆ (ಜಿಗಣಿಯ ಕಾರ್ಖಾನೆಯೊಂದರಲ್ಲಿ ಪ್ಲಾಂಟ್ ಮ್ಯಾನೇಜರ್):
ಇಂಥ ಪತ್ರಗಳು ಬರುವ ಕಡೆಯಲ್ಲಿ ನಾನಿದ್ದೇನೆ, ಇಲ್ಲಿ ನನ್ನ ಅಭಿಪ್ರಾಯ ಬೇರೆ. ಹಿರಿಯರು ‘ನೀನೇ ಬರೆ’ ಎಂದ ಮೇಲೆ ಮತ್ತೆ ಅವರನ್ನೇ ಕೇಳುವುದು ಪೀಡಿಸಿದಂತಾಗುತ್ತದೆ. ಅವರ ಮತ್ತು ಆ ಮುಖ್ಯಸ್ಥರ ನಡುವೆ ಏನಿದೆಯೋ ನಮಗೆ ಗೊತ್ತಿಲ್ಲ, ತಾವಾಗಿ ಕೇಳಲು ಇಷ್ಟವಿಲ್ಲದೆಯೂ ಹಾಗೆ ಹೇಳಿರಬಹುದು. ಸಿಸಿ ಹಾಕಿ ನೇರವಾಗಿ ಬರೆದರೆ ಸಾಕು. ಆ ಕರಡಿನಲ್ಲಿರುವಂತೆ ಕೆಲಸದ ಮಾತು ಮೊದಲ ಪರದೆಯಲ್ಲೇ ಕಂಡರೆ ನಾನಂತೂ ಓದುತ್ತೇನೆ, ಯಾರ ಮೂಲಕ ಬಂತು ಎಂಬುದನ್ನು ಆಮೇಲೆ ನೋಡುತ್ತೇನೆ.

ಉತ್ತರ (ನಿವೃತ್ತರು):
ಇಷ್ಟವಿಲ್ಲದೆ ಹಾಗೆ ಹೇಳಿರಬಹುದು ಎಂಬ ಮಾತು ಯೋಚಿಸಬೇಕಾದದ್ದೇ, ಅವರ ದನಿಯನ್ನು ಬಲ್ಲವರು ಪ್ರಶ್ನೆ ಕೇಳಿದವರೊಬ್ಬರೇ. ಆದರೂ ಒಮ್ಮೆ ಕೇಳುವುದು ಪೀಡಿಸಿದಂತಲ್ಲ ಎಂದೇ ನನ್ನ ಎಣಿಕೆ. ವಾರ ಹತ್ತು ದಿನ ಕಾದು, ಉತ್ತರ ಬರದಿದ್ದರೆ ಅದೇ ಪತ್ರವನ್ನು ಅವರಿಗೆ ಸಿಸಿ ಹಾಕಿ ನೇರವಾಗಿ ಕಳುಹಿಸಿ. ಆಗ ಮೊದಲ ಪ್ಯಾರಾ ತೆಗೆದು, ಅದರ ಜಾಗದಲ್ಲಿ ‘ನಿಮಗೆ ಬರೆಯುವಂತೆ ಹೇಳಿದವರು ಇವರು, ಇವರ ಕೈಕೆಳಗೆ ನಾನು ಕೆಲಸ ಮಾಡಿದ್ದೆ’ ಎಂದು ಅವರ ಹೆಸರಿನೊಡನೆ ಬರೆಯಿರಿ. ಮುಂದಿನ ಪ್ಯಾರಾದ ‘ನಿಮ್ಮ’ ಎಂಬುದನ್ನೂ, ‘ಅವರ ಕಾರ್ಖಾನೆ’, ‘ಅವರೇ’ ಎಂಬುವನ್ನೂ ಆಗ ಬದಲಿಸಿಕೊಳ್ಳಲು ಮರೆಯಬೇಡಿ.