ಔಷಧಿ ಹೊಡೆದ ಮೇಲೂ ಮೆಕ್ಕೆಜೋಳದ ಎಲೆಯಲ್ಲಿ ತೂತು ಯಾಕೆ?

ಪ್ರಶ್ನೆ (ರಾಣೆಬೆನ್ನೂರು ಕಡೆಯ ರೈತ): ಮೇಡಂ, ಎರಡು ಎಕರೆ ಗೋವಿನಜೋಳ, ಬಿತ್ತಿ 24 ದಿನ ಆಯ್ತು. ಎಲೆ ಹರಿದು ಚಿಂದಿಯಾಗಿದೆ. ಅಲ್ಲಲ್ಲಿ ಬಿಳಿ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಸುಳಿಯಲ್ಲಿ ಮರದ ಪುಡಿಯಂತೆ ಲದ್ದಿ ತುಂಬಿದೆ. ಆರು ದಿನದ ಹಿಂದೆ ಅಂಗಡಿಯಲ್ಲಿ ಕೊಟ್ಟ ಎರಡು ಔಷಧಿ ಕೂಡಿಸಿ ಹೊಡೆದೆ. ತೂತು ನಿಂತಿಲ್ಲ. ಮತ್ತೆ ಹೊಡೆಯಲೋ, ಹರಗಿ ಬೇರೆ ಬಿತ್ತಲೋ?

ಉತ್ತರ (ಕೀಟ ವಿಭಾಗದಲ್ಲಿ ಕೆಲಸ ಮಾಡುವವರು): ಹರಗಬೇಡಿ ಅಣ್ಣಾ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದು ಕೆಲಸ ಮಾಡಿ, ಆಮೇಲೆ ಔಷಧಿಯ ಮಾತು.

ಇದು ಫಾಲ್ ಸೈನಿಕ ಹುಳು. ನಮ್ಮ ಕಡೆ ಲದ್ದಿ ಹುಳ ಅಂತಲೂ ಕರೆಯುತ್ತಾರೆ. ಒಂದು ಹುಳ ಹಿಡಿದು ತಲೆ ನೋಡಿ. ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂತೆ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ, ಚೌಕದ ನಾಲ್ಕು ಮೂಲೆಗೆ ಇಟ್ಟ ಹಾಗೆ. ಎರಡೂ ಕಂಡರೆ ಅನುಮಾನವೇ ಬೇಡ.

ಈಗ ಎಲೆ ಓದುವುದು ಹೇಗೆ ಅಂತ ಹೇಳುತ್ತೇನೆ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಎಲೆ ಕತ್ತರಿಸುವ ಶಕ್ತಿ ಇರುವುದಿಲ್ಲ. ಒಂದು ಕಡೆಯ ಹಸಿರನ್ನು ಕೆರೆದು ತಿನ್ನುತ್ತದೆ, ಇನ್ನೊಂದು ಕಡೆಯ ತೆಳು ಪೊರೆ ಹಾಗೇ ಉಳಿಯುತ್ತದೆ. ನಿಮಗೆ ಬಿಳಿ ಕಾಗದದಂತೆ ಕಂಡದ್ದು ಅದೇ. ಹುಳ ಬಲಿತಾಗ ಎಲೆ ಪೂರ್ತಿ ಹರಿಯುತ್ತದೆ, ಸುಳಿಯಲ್ಲಿ ಲದ್ದಿ ಗುಡ್ಡೆಯಾಗುತ್ತದೆ. ಅಂದರೆ ನಿಮ್ಮ ಹೊಲದಲ್ಲಿ ಸಣ್ಣ ಮರಿಯೂ ಇದೆ, ದೊಡ್ಡ ಹುಳವೂ ಇದೆ.

ಮುಖ್ಯ ವಿಷಯ ಇನ್ನೊಂದು. ತಿಂದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲ. ಹುಳ ಸತ್ತರೂ ತೂತು ಇರುತ್ತದೆ. ಹಾಗಾಗಿ ತೂತು ಎಣಿಸಬೇಡಿ, ಹಸಿ ಲದ್ದಿ ಎಣಿಸಿ. ಹೊಲದ ಐದು ಕಡೆ ನಿಂತು, ಒಂದೊಂದು ಕಡೆ ಸಾಲಾಗಿ 20 ಗಿಡ ನೋಡಿ. ಬದುವಿನ ಪಕ್ಕದ್ದೇ ನೋಡಬೇಡಿ, ಒಳಗೂ ಹೋಗಿ. ಸುಳಿ ಬಿಡಿಸಿ ಲದ್ದಿಯನ್ನು ಬೆರಳಿನಿಂದ ಒತ್ತಿ. ಮೆತ್ತಗೆ, ಒದ್ದೆಯಾಗಿ ಬೆರಳಿಗೆ ಅಂಟಿದರೆ ಒಳಗೆ ಹುಳ ಜೀವಂತ ಇದೆ. ಒಣಗಿ ಪುಡಿಯಾದರೆ ಅದು ಹಳೆಯದು. ನೂರರಲ್ಲಿ ಎಷ್ಟು ಗಿಡದಲ್ಲಿ ಹಸಿ ಲದ್ದಿ, ಹುಳದ ಉದ್ದ ಎಷ್ಟು ಅಂತ ಬರೆಯಿರಿ. ಮೊದಲ ಸಲ ಯಾವ ಹೊತ್ತಿನಲ್ಲಿ, ಹೇಗೆ ಹೊಡೆದಿರಿ ಅನ್ನುವುದನ್ನೂ ಹೇಳಿ.

ಹಿರೇಕೆರೂರು ಕಡೆಯ ಯುವಕ: ಬಿಳಿ ಪಟ್ಟೆ ಅಂದರೆ ಜಿಂಕ್ ಕೊರತೆ ಅಲ್ವಾ? ನಮ್ಮ ಹೊಲದಲ್ಲಿ ಹೀಗೇ ಆಗಿತ್ತು. ಜಿಂಕ್ ಸಲ್ಫೇಟ್ ಹೊಡೆದ ಮೇಲೆ ಹಸಿರಾಯ್ತು. ಇವರೂ ಅದನ್ನೇ ಹೊಡೆಯಲಿ.

ಉತ್ತರ: ನಿಮ್ಮ ಹೊಲದಲ್ಲಿ ಅದು ಜಿಂಕ್ ಇರಬಹುದು ತಮ್ಮಾ, ಇಲ್ಲಿ ಅಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಜಿಂಕ್ ಕೊರತೆಯಲ್ಲಿ ನಡುನರದ ಎರಡೂ ಬದಿ ಉದ್ದಕ್ಕೆ ಬಿಳಿಚಿದ ಪಟ್ಟೆ ಬರುತ್ತದೆ, ಆದರೆ ಎಲೆಯ ದಪ್ಪ ಹಾಗೇ ಇರುತ್ತದೆ. ಹುಳ ಕೆರೆದ ಜಾಗದಲ್ಲಿ ಬೆಳಕು ಕಿಟಕಿಯಿಂದ ಬಂದಂತೆ ಬರುತ್ತದೆ. ಉಗುರು ತಾಗಿಸಿದರೆ ಪೊರೆ ಹರಿಯುತ್ತದೆ. ಮತ್ತೆ, ಜಿಂಕ್ ಕೊರತೆಗೆ ಸುಳಿಯಲ್ಲಿ ಲದ್ದಿ ಬರುವುದಿಲ್ಲ.

ದಾವಣಗೆರೆ ಕಡೆಯ ಹಿರಿಯ ರೈತ: 2018ರಲ್ಲಿ ಶಿವಮೊಗ್ಗದ ಕಡೆ ಈ ಹುಳ ಮೊದಲು ಕಂಡಿತು. ಆ ವರ್ಷ ನಮಗೂ ಬಂತು, ಏನು ಅಂತಲೇ ಗೊತ್ತಾಗಲಿಲ್ಲ. ನಾನು ಮೂರು ಸಲ ಔಷಧಿ ಹೊಡೆದು ದುಡ್ಡು ಕಳೆದೆ. ಈಗ ಸುಳಿಗೆ ಮರಳು ಹಾಕುತ್ತೇನೆ ಅಷ್ಟೇ. ಮರಳು ಬಿದ್ದರೆ ಹುಳ ಉಳಿಯಲ್ಲ. ಔಷಧಿಯೇ ಬೇಡ.

ಉತ್ತರ: ಯಜಮಾನರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕುವ ಪದ್ಧತಿಯನ್ನು ಶಿಫಾರಸಿನಲ್ಲೂ ಸೇರಿಸಿದ್ದಾರೆ. ಅದು ಬಿತ್ತಿದ ಮೊದಲ 30 ದಿನದೊಳಗೆ, ಮರಿ ಸಣ್ಣದಿದ್ದಾಗ. ಲದ್ದಿಯ ಬಿರಡೆ ಹಾಕಿಕೊಂಡು ಸುಳಿಯ ತಳದಲ್ಲಿ ಕೂತ ದೊಡ್ಡ ಹುಳಕ್ಕೆ ಮರಳು ತಲುಪುವುದೇ ಕಷ್ಟ. ಎರಡು ಎಕರೆಯಲ್ಲಿ ಗಿಡಗಿಡಕ್ಕೂ ಹಾಕಲು ಆಳು ಎಷ್ಟು ಬೇಕು, ಅದೂ ಲೆಕ್ಕ ಬರುತ್ತದೆ.

ದಾವಣಗೆರೆ ಕಡೆಯ ಹಿರಿಯ ರೈತ: ಮನೆಯವರೆಲ್ಲ ಕೂಡಿದರೆ ಆಗುತ್ತದೆ ಮೇಡಂ. ನನಗೆ ಎರಡು ವರ್ಷ ಕೈ ಕೊಟ್ಟಿಲ್ಲ. ದೊಡ್ಡ ಹುಳಕ್ಕೂ ಆಗುತ್ತದೆ ಅಂತಲೇ ನಾನು ಹೇಳುವುದು.

ಶಿಗ್ಗಾವಿ ಕಡೆಯ ರೈತ ಮಹಿಳೆ: ನಮ್ಮದು ಔಷಧಿ ಹಚ್ಚಿದ ಬೀಜ. ಚೀಲದ ಮೇಲೆ ಈ ಹುಳದ ಚಿತ್ರವೇ ಇತ್ತು. ಆದರೂ 26ನೇ ದಿನಕ್ಕೆ ಲದ್ದಿ ಕಂಡಿತು. ಬೀಜ ಮೋಸ ಅಂತ ಅಂಗಡಿಯವರ ಹತ್ತಿರ ಜಗಳ ಆಡಿ ಬಂದೆ.

ಉತ್ತರ: ಅಕ್ಕಾ, ಬೀಜೋಪಚಾರದ ಕಾವಲು ಮೊಳಕೆ ಬಂದ ಮೇಲೆ 15ರಿಂದ 20 ದಿನ. ಗಿಡ ದೊಡ್ಡದಾಗುತ್ತಾ ಒಳಗಿನ ಔಷಧಿ ತೆಳ್ಳಗಾಗುತ್ತದೆ. 26ನೇ ದಿನಕ್ಕೆ ಬಂದಿದ್ದು ಬೀಜದ ಮೋಸ ಅಂತ ಹೇಳಲು ಆಗುವುದಿಲ್ಲ. ಆ ಕಾವಲು ಮುಗಿಯುವ ವಾರದಲ್ಲೇ ಸುಳಿ ಬಿಡಿಸಿ ನೋಡಲು ಶುರು ಮಾಡಬೇಕು.

ರಾಣೆಬೆನ್ನೂರು ಕಡೆಯ ರೈತ (ಮರುದಿನ): ಎಣಿಸಿದೆ ಮೇಡಂ. ನೂರು ಗಿಡದಲ್ಲಿ 41ರಲ್ಲಿ ಎಲೆ ಹರಿದಿದೆ. ಹಸಿ ಲದ್ದಿ ಇದ್ದದ್ದು 17ರಲ್ಲಿ ಮಾತ್ರ. ಅದರಲ್ಲಿ 13 ಗಿಡದಲ್ಲಿ ಅರ್ಧ ಇಂಚಿಗಿಂತ ಸಣ್ಣ ಹುಳ. ನಾಲ್ಕರಲ್ಲಿ ಇಂಚಿಗಿಂತ ದೊಡ್ಡದು, ಗಿಡಕ್ಕೆ ಒಂದೇ ಒಂದು. ತಲೆ ಮೇಲೆ ನೀವು ಹೇಳಿದ ಗೆರೆ ಇದೆ. ಮೊದಲ ಸಲ ಹೊಡೆದದ್ದು ಬೆಳಿಗ್ಗೆ 11ಕ್ಕೆ. ಎರಡು ಸಾಲು ಒಟ್ಟಿಗೆ ಬೀಸಿಕೊಂಡು ಹೋದೆ, ಬೇಗ ಮುಗಿಯಲಿ ಅಂತ.

ಉತ್ತರ: ಬಹಳ ಚೆನ್ನಾಗಿ ಎಣಿಸಿದ್ದೀರಿ. ದೊಡ್ಡ ಹುಳ ಗಿಡಕ್ಕೆ ಒಂದೇ ಇರುವುದು ಯಾಕೆಂದರೆ, ಇವು ತಮ್ಮ ಜೊತೆಯ ಹುಳಗಳನ್ನೇ ತಿಂದುಬಿಡುತ್ತವೆ.

ಮೊದಲ ಸಲ ಕೆಲಸ ಮಾಡದ್ದಕ್ಕೆ ಕಾರಣ ನೀವೇ ಹೇಳಿದಿರಿ. ಬಿಸಿಲಿನಲ್ಲಿ ಹುಳ ಸುಳಿಯ ತಳಕ್ಕೆ ಇಳಿದಿರುತ್ತದೆ. ಮೇಲಿನಿಂದ ಬೀಸಿದ ಔಷಧಿ ಎಲೆಯ ಮೇಲೆ ಒಣಗಿತು, ಅದಕ್ಕೆ ತಾಗಲೇ ಇಲ್ಲ.

ನೂರಕ್ಕೆ 10 ದಾಟಿದೆ, ಹುಳ ಹೆಚ್ಚಿನವು ಸಣ್ಣವು. ಹಾಗಾಗಿ ಒಂದು ಸಲ ಹೊಡೆಯುವುದು ಸರಿ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಲೀಟರ್ ನೀರಿಗೆ 0.4 ಗ್ರಾಂ. ನಿಮ್ಮ 16 ಲೀಟರ್ ಪಂಪಿಗೆ ಆರೂವರೆ ಗ್ರಾಂಗಿಂತ ಸ್ವಲ್ಪ ಕಡಿಮೆ. ಮುಚ್ಚಳದ ಅಂದಾಜಿನಲ್ಲಿ ಹಾಕಬೇಡಿ, ಪ್ಯಾಕೆಟ್ ಜೊತೆ ಅಳತೆ ಚಮಚ ಇಲ್ಲದಿದ್ದರೆ ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಮಾಡಿಸಿ. ಇನ್ನೊಂದು ಔಷಧಿ ಕೂಡಿಸಬೇಡಿ. ಹೋದ ಸಲ ಅಂಗಡಿಯವರು ಕೊಟ್ಟದ್ದರಲ್ಲಿ ಇದೇ ಇತ್ತೇನೋ ಬಾಟಲಿ ಓದಿ ನೋಡಿ. ಇದ್ದರೆ ಈ ಸಲ ಅದರ ಬದಲು ಸ್ಪೈನೆಟೋರಾಮ್ 11.7 ಎಸ್‌ಸಿ, ಲೀಟರಿಗೆ ಅರ್ಧ ಮಿಲಿ ಬಳಸಿ. ಒಂದೇ ಔಷಧಿ ಪದೇ ಪದೇ ಬಿದ್ದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಸಂಜೆ ಐದರ ಮೇಲೆ ಶುರು ಮಾಡಿ. ಒಂದೊಂದೇ ಸಾಲು ಹಿಡಿಯಿರಿ. ನಾಝಲ್ ಬಗ್ಗಿಸಿ ಸುಳಿಯ ಬಾಯಿಗೇ ಬಿಡಿ, ಔಷಧಿ ಒಳಗೆ ಇಳಿಯುವುದು ಕಾಣಬೇಕು. ಮುಖಕ್ಕೆ ಬಟ್ಟೆ, ಕೈಗೆ ಗವಸು ಇರಲಿ. ಮಳೆ ಬರುವ ಹಾಗಿದ್ದರೆ ಅವತ್ತು ಬಿಡಿ. ಜೋರು ಮಳೆ ಸುಳಿಯಲ್ಲಿ ನಿಂತರೆ ಸಣ್ಣ ಮರಿಗಳು ತಾವಾಗಿಯೇ ಎಷ್ಟೋ ಸಾಯುತ್ತವೆ.

ಆ ನಾಲ್ಕು ದೊಡ್ಡ ಹುಳಕ್ಕೆ ಔಷಧಿ ಅಷ್ಟು ತಾಗುವುದಿಲ್ಲ. ನೂರಕ್ಕೆ ನಾಲ್ಕೇ ಅಲ್ವಾ, ಹಸಿ ಲದ್ದಿ ಗುಡ್ಡೆ ಕಂಡ ಕಡೆ ಕೈಯಲ್ಲೇ ತೆಗೆದು ಹೊಸಕಿ. ಅಕ್ಕಿ ತೌಡು, ಬೆಲ್ಲ ಕೂಡಿಸಿದ ವಿಷದ ಉಂಡೆ ದೊಡ್ಡ ಹುಳ ಹೆಚ್ಚಾದಾಗ ಬೇಕು. ನಿಮಗೆ ಈಗ ಅದರ ಅಗತ್ಯ ಇಲ್ಲ. ಹೊಲದ ಪಕ್ಕ ದನ ಓಡಾಡುವ ಕಡೆ ಅದು ಅಪಾಯ ಕೂಡ.

ಶಿಗ್ಗಾವಿ ಕಡೆಯ ರೈತ ಮಹಿಳೆ: ಮೇಡಂ, ಒತ್ತಾಗಿ ಬಿದ್ದ ಗಿಡ ಕಿತ್ತು ನಾನು ದಿನಾ ಆಕಳಿಗೆ ಹಾಕುತ್ತೇನೆ. ಔಷಧಿ ಹೊಡೆದ ಮೇಲೆ ಹಾಕಬಹುದಾ?

ಉತ್ತರ: ಬೇಡ ಅಕ್ಕಾ. ಪ್ಯಾಕೆಟ್ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತದೆ, ಅಷ್ಟು ದಿನ ಮುಟ್ಟಬೇಡಿ. ಆಕಳಿಗೆ ಬೇಕಾದ ಗಿಡವನ್ನು ಹೊಡೆಯುವ ಮೊದಲೇ ಕಿತ್ತುಕೊಳ್ಳಿ. ಇಲ್ಲಾಂದ್ರೆ ಗಾಳಿ ಬೀಸಿ ಬರುವ ಕಡೆಯ ನಾಲ್ಕು ಸಾಲು ಔಷಧಿ ಇಲ್ಲದೆ ಬಿಡಿ. ಅಲ್ಲಿ ಹುಳ ಕೈಯಲ್ಲಿ ಆರಿಸಿ.

ರಾಣೆಬೆನ್ನೂರು ಕಡೆಯ ರೈತ (ಐದು ದಿನದ ನಂತರ): ಮೇಡಂ, ನೀವು ಹೇಳಿದ ಹಾಗೆ ಸಂಜೆ ಹೊಡೆದೆ. ಮೊದಲ ಔಷಧಿಯಲ್ಲಿ ಎಮಾಮೆಕ್ಟಿನ್ ಇತ್ತು, ಅದಕ್ಕೆ ಸ್ಪೈನೆಟೋರಾಮ್ ತಂದೆ. ಆದರೆ ನಿನ್ನೆ ಬಿಚ್ಚಿದ ಹೊಸ ಎಲೆಯಲ್ಲೂ ತೂತು ಇದೆ! ಅಡ್ಡಕ್ಕೆ ಸಾಲಾಗಿ ಐದಾರು ತೂತು, ಗುಂಡಿ ಹೊಲಿದಷ್ಟು ಅಂದವಾಗಿ. ಈ ಔಷಧಿಯೂ ದಂಡ ಆಯ್ತಾ?

ಉತ್ತರ: ಆ ಸಾಲು ತೂತು ಹಳೆಯ ಕಚ್ಚು. ಎಲೆ ಸುರುಳಿ ಸುತ್ತಿಕೊಂಡು ಸುಳಿಯೊಳಗೆ ಇದ್ದಾಗ ಹುಳ ಒಂದು ಸಲ ಕೊರೆದಿದೆ. ಕಾಗದ ಮಡಚಿ ಸೂಜಿ ಚುಚ್ಚಿ ಬಿಡಿಸಿದರೆ ಸಾಲಾಗಿ ತೂತು ಬರುತ್ತದಲ್ಲ, ಹಾಗೆ. ಇನ್ನೂ ಒಂದೆರಡು ಎಲೆ ಹೀಗೇ ಬರಬಹುದು. ಸುಳಿಯಲ್ಲಿ ಲದ್ದಿ ಹೇಗಿದೆ ಹೇಳಿ.

ರಾಣೆಬೆನ್ನೂರು ಕಡೆಯ ರೈತ: ಒಣಗಿದೆ ಮೇಡಂ, ಊದಿದರೆ ಹಾರುತ್ತದೆ. ನೂರರಲ್ಲಿ ಮೂರು ಗಿಡದಲ್ಲಿ ಮಾತ್ರ ಹಸಿ ಇತ್ತು, ಆ ಹುಳ ಕೈಯಲ್ಲೇ ತೆಗೆದೆ. ಒಂದು ಹುಳ ಎಲೆಗೆ ಅಂಟಿಕೊಂಡು ಸತ್ತಿತ್ತು, ಮೈಮೇಲೆಲ್ಲ ಬಿಳಿ ಬೂಷ್ಟು.

ಉತ್ತರ: ಹಾಗಾದರೆ ಈಗ ಏನೂ ಹೊಡೆಯಬೇಡಿ. ಆ ಬಿಳಿ ಬೂಷ್ಟು ಬಂದ ಹುಳವನ್ನು ಅಲ್ಲೇ ಬಿಡಿ, ಕೀಳಬೇಡಿ. ಅದು ಹುಳಕ್ಕೆ ಬರುವ ಶಿಲೀಂಧ್ರ ರೋಗ. ಮೋಡ, ತೇವ ಇರುವಾಗ ನಮ್ಮ ಹೊಲಗಳಲ್ಲಿ ತಾನಾಗಿಯೇ ಬರುತ್ತದೆ. ಕೆಲವು ದಿನದಲ್ಲಿ ಅದು ಹಸಿರು ಪುಡಿಯಾಗಿ ಉದುರಿ ಬೇರೆ ಹುಳಕ್ಕೂ ಹತ್ತುತ್ತದೆ.

ವಾರ ಬಿಟ್ಟು ಮತ್ತೆ ಅದೇ ನೂರು ಗಿಡದ ಲೆಕ್ಕ ಮಾಡಿ. ಎಲೆಯ ಅಡಿ ನೋಡುವುದನ್ನು ಮರೆಯಬೇಡಿ. ಕೂದಲು ಮುಚ್ಚಿದ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಹಿಚುಕಿ. ಒಂದೊಂದು ಗುಂಪಿನಲ್ಲಿ ನೂರರ ಮೇಲೆ ಮೊಟ್ಟೆ ಇರುತ್ತವೆ, ಎರಡು ಮೂರು ದಿನದಲ್ಲಿ ಒಡೆಯುತ್ತವೆ.

ಹಿರೇಕೆರೂರು ಕಡೆಯ ಯುವಕ: ಮೇಡಂ, ಇಷ್ಟು ಎಲೆ ಹೋದ ಮೇಲೆ ಇಳುವರಿ ಎಷ್ಟು ಕಡಿಮೆಯಾಗಬಹುದು? ಎಕರೆಗೆ ಎಷ್ಟು ಕ್ವಿಂಟಲ್?

ಉತ್ತರ: ಈಗಲೇ ಕ್ವಿಂಟಲ್ ಲೆಕ್ಕ ಹೇಳಿದರೆ ಸುಳ್ಳಾಗುತ್ತದೆ. ಸುಳಿಯ ಮೊಗ್ಗು ಉಳಿದಿದ್ದರೆ ಈ ವಯಸ್ಸಿನ ಗಿಡ ಹೊಸ ಎಲೆ ಹಾಕಿ ಎಷ್ಟೋ ಸುಧಾರಿಸಿಕೊಳ್ಳುತ್ತದೆ. ಇವರ ಹೊಲದಲ್ಲಿ ಸುಳಿ ಒಣಗಿದ ಗಿಡ ಎಷ್ಟು ಅಂತ ಇನ್ನೂ ಹೇಳಿಲ್ಲ. ಅಣ್ಣಾ, ಮುಂದಿನ ವಾರ ಎಣಿಸುವಾಗ ಅದನ್ನೂ ಬೇರೆಯಾಗಿ ಬರೆದುಕೊಳ್ಳಿ.