ಮಣ್ಣು ಆರೋಗ್ಯ ಚೀಟಿ ತೋರಿಸಿ ರೈತರಿಗೆ ಏನು ಹೇಳಬೇಕು? (ಭತ್ತ, 30 ಗುಂಟೆ, ತೀರ್ಥಹಳ್ಳಿ ಕಡೆ)

ಗದ್ದೆಯಂಚು:
ಭಾನುವಾರ ನಮ್ಮೂರ ಹಾಲಿನ ಡೇರಿ ಹತ್ತಿರ ರೈತರ ಸಭೆ ಇದೆ. ಊರಿನ ಒಬ್ಬರ ಮಣ್ಣು ಆರೋಗ್ಯ ಚೀಟಿಯ ಫೋಟೊ ಪರದೆ ಮೇಲೆ ಹಾಕಿ ನಾನು ಮಾತಾಡಬೇಕು. 30 ಗುಂಟೆ ಭತ್ತದ ಗದ್ದೆ. ರಸಸಾರ 5.1, ಸಾವಯವ ಇಂಗಾಲ 1.1, ರಂಜಕ ಕಡಿಮೆ, ಪೊಟ್ಯಾಷ್ ಕಡಿಮೆ, ಸತು 0.5, ಕಬ್ಬಿಣ 48. ಸುಣ್ಣ ಹೆಕ್ಟೇರಿಗೆ 500 ಕಿಲೋ ಅಂತಿದೆ. ಕೆಳಗೆ ಎರಡು ಗೊಬ್ಬರದ ಪಟ್ಟಿ: ಒಂದರಲ್ಲಿ ಡಿಎಪಿ 163, ಯೂರಿಯಾ 99, ಪೊಟ್ಯಾಷ್ 150. ಇನ್ನೊಂದರಲ್ಲಿ ಸೂಪರ್ ಫಾಸ್ಫೇಟ್ 469, ಯೂರಿಯಾ 163, ಪೊಟ್ಯಾಷ್ 150. "ಸುಣ್ಣ ಹಾಕಿ, ರಂಜಕ ಕಡಿಮೆ ಇರೋದ್ರಿಂದ ಡಿಎಪಿ ಜಾಸ್ತಿ ಹಾಕಿ" ಅಂತ ಶುರು ಮಾಡಲಾ?

ಹೊಸನಗರ ಕೃಷಿಕ:
ಸುಣ್ಣ ಅನ್ನೋದು ಸರಿ. ನಮ್ಮ ಮಲೆನಾಡಿನ ಮಣ್ಣೆಲ್ಲ ಹುಳಿ ಮಣ್ಣು, ಮಳೆಗೆ ಸುಣ್ಣದಂಶ ತೊಳೆದು ಹೋಗಿರುತ್ತೆ. ಆದರೆ ಯೂರಿಯಾ ಬೇಡ ಅಂತ ಹೇಳಿ. ಸಾವಯವ ಇಂಗಾಲ 0.75 ದಾಟಿದರೆ ಜಾಸ್ತಿ ಅಂತ ಲೆಕ್ಕ. ಇವರದ್ದು 1.1 ಇದೆ. ಸಾರಜನಕ ಮಣ್ಣಿನಲ್ಲೇ ಇದೆ ಅಂದಮೇಲೆ ಯೂರಿಯಾ ಯಾಕೆ?

ಹಳೇ ಲ್ಯಾಬಿನವರು:
ಗದ್ದೆಯಂಚು ಅವರೇ, "ಡಿಎಪಿ ಜಾಸ್ತಿ ಹಾಕಿ" ಅಂತ ಮಾತ್ರ ಶುರು ಮಾಡಬೇಡಿ. ಪಟ್ಟಿಯಲ್ಲಿರುವ 163 ಕಿಲೋ ಮಣ್ಣಿನಲ್ಲಿ ರಂಜಕ ಕಡಿಮೆ ಇದೆ ಅಂತ ನೋಡಿಯೇ ಬಂದದ್ದು. ಅದರ ಮೇಲೆ ನೀವು ಇನ್ನೊಂದಷ್ಟು ಸೇರಿಸಿದರೆ ಒಂದೇ ಕೊರತೆಗೆ ಎರಡು ಸಲ ಗೊಬ್ಬರ ಹಾಕಿದ ಹಾಗಾಗುತ್ತೆ.

ಹೊಸನಗರದವರ ಮಾತಿನಲ್ಲಿ ಅರ್ಧ ನಿಜ ಇದೆ. ನಮ್ಮ ಕಡೆ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣಲ್ಲಿ ಇಂಗಾಲ ಜಾಸ್ತಿ ಇರುತ್ತೆ. ಆದರೆ ಹುಳಿ ಮಣ್ಣು, ಒದ್ದೆ, ತಂಪು ಸೇರಿದಾಗ ಅದು ಕೊಳೆತು ಸಾರಜನಕ ಬಿಡೋದು ನಿಧಾನ. ತೆಂಡೆ ಒಡೆಯುವ ಹೊತ್ತಿಗೆ ಭತ್ತ ಕಾಯೋದಿಲ್ಲ. ಯೂರಿಯಾ ಪೂರ್ತಿ ನಿಲ್ಲಿಸಿ ಅಂತ ಸಭೆಯಲ್ಲಿ ಹೇಳಿದರೆ ಗದ್ದೆ ಹಳದಿ ತಿರುಗಿ ರೈತರು ಕೊನೆಗೆ ಗಾಬರಿಯಲ್ಲಿ ಒಮ್ಮೆಗೇ ಸುರಿಯುತ್ತಾರೆ.

ಮೊದಲು ಹೇಳಬೇಕಾದ್ದು ಬೇರೆಯೇ ಇದೆ. ಆ ಎರಡು ಪಟ್ಟಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಎರಡರಲ್ಲೂ ಸಿಗೋದು ಒಂದೇ ಪ್ರಮಾಣದ ಸಾರಜನಕ, ರಂಜಕ, ಪೊಟ್ಯಾಷ್, ಅಂಗಡಿಯಲ್ಲಿ ಸಿಗುವ ಗೊಬ್ಬರ ಮಾತ್ರ ಬೇರೆ. ಮೇಲೊಂದು ಕೆಳಗೊಂದು ಅಚ್ಚಾಗಿರೋದನ್ನು ನೋಡಿ ಎರಡನ್ನೂ ಹಾಕಿದವರಿದ್ದಾರೆ. ಆಗ ಸಾರಜನಕ ದುಪ್ಪಟ್ಟಾಗುತ್ತೆ, ಮಲೆನಾಡಿನ ಮೋಡ ಮಳೆಗೆ ಬೆಂಕಿ ರೋಗ ಬರೋಕೆ ಅಷ್ಟು ಸಾಕು. ಪರದೆ ಮೇಲೆ ಎರಡು ಪಟ್ಟಿಯ ನಡುವೆ ದಪ್ಪ ಅಕ್ಷರದಲ್ಲಿ "ಅಥವಾ" ಅಂತ ಬರೆದು ತೋರಿಸಿ.

ತುಂಗಾ ದಂಡೆ:
ಹೆಕ್ಟೇರ್ ಲೆಕ್ಕ ಹೇಳಿದರೆ ನಮ್ಮಲ್ಲಿ ಯಾರಿಗೂ ತಲೆಗೆ ಹೋಗಲ್ಲ. ಎಕರೆ, ಗುಂಟೆಯಲ್ಲೇ ಹೇಳಿ.

ಹಳೇ ಲ್ಯಾಬಿನವರು:
ಸರಿಯಾಗಿ ಹೇಳಿದಿರಿ. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆಗೆ ಚೂರು ಕಡಿಮೆ, ಅಂದಾಜು 100 ಗುಂಟೆ. ಹಾಗಾಗಿ ಚೀಟಿಯ ಅಂಕಿಯನ್ನು 100 ಗುಂಟೆಯ ಅಂಕಿ ಅಂತಲೇ ಓದಬಹುದು. 30 ಗುಂಟೆಗೆ ನೂರರಲ್ಲಿ ಮೂವತ್ತು ಪಾಲು. ಡಿಎಪಿ 49 ಕಿಲೋ, ಅಂದರೆ ಒಂದು ಚೀಲ. ಯೂರಿಯಾ 30 ಕಿಲೋ. ಈಗಿನ ಚೀಲ 45 ಕಿಲೋದ್ದು, ಅದರಲ್ಲಿ ಮೂರನೇ ಎರಡು ಭಾಗ. ಪೊಟ್ಯಾಷ್ 45 ಕಿಲೋ, ಒಂದು ಚೀಲಕ್ಕೆ ಚೂರು ಕಡಿಮೆ. ರೈತರಿಗೆ ಕಿಲೋಗಿಂತ ಚೀಲದ ಲೆಕ್ಕ ಬೇಗ ಸಿಗುತ್ತೆ.

ಡಿಎಪಿ ಪೂರ್ತಿ ನಾಟಿಗೆ ಮುಂಚೆ ಕೆಸರು ಮಾಡುವಾಗ ಹಾಕಬೇಕು. ಯೂರಿಯಾವನ್ನು ತೆಂಡೆ ಒಡೆಯುವಾಗ ಅರ್ಧ, ಹೊಡೆ ಕಟ್ಟುವ ಮುಂಚೆ ಅರ್ಧ. ಪೊಟ್ಯಾಷನ್ನೂ ಎರಡು ಕಂತು ಮಾಡಿಸಿ, ಆಗುಂಬೆ ಕಡೆಯ ಮಳೆಯಲ್ಲಿ ಒಂದೇ ಸಲ ಹಾಕಿದ್ದು ನೀರಿನ ಜೊತೆ ಇಳಿದು ಹೋಗುತ್ತೆ. ಸತುವಿಗೆ ಮಿತಿ 0.6, ಇವರದ್ದು ಅದಕ್ಕಿಂತ ಸ್ವಲ್ಪ ಕೆಳಗೆ. ಸತುವಿನ ಸಲ್ಫೇಟ್ 30 ಗುಂಟೆಗೆ 6 ಕಿಲೋ ಸಾಕು, ಪ್ರತಿ ಬೆಳೆಗೂ ಬೇಡ. ಅದನ್ನು ಡಿಎಪಿ ಜೊತೆ ಬೆರೆಸಿ ಎರಚಬಾರದು. ರಂಜಕ ಸತುವನ್ನು ಹಿಡಿದು ಗಟ್ಟಿ ಮಾಡಿಬಿಡುತ್ತೆ.

ಸಾಗರ ಅಡಿಕೆ:
ನನ್ನ ತೋಟದಲ್ಲಿ ಅಡಿಕೆ ಗರಿ ತುದಿಯಿಂದ ಹಳದಿಯಾಗುತ್ತಿದೆ. ಚೀಟಿಯಲ್ಲಿ ಕಬ್ಬಿಣ 52 "ಸಾಕಷ್ಟು" ಅಂತಿದೆ, ಬೋರಾನ್ ಕಡಿಮೆ. ಬೋರಾಕ್ಸ್ ಹಾಕಿದರೆ ಹಳದಿ ರೋಗ ಹೋಗುತ್ತಾ?

ಹಳೇ ಲ್ಯಾಬಿನವರು:
ಅಡಿಕೆಯ ಹಳದಿ ಎಲೆ ರೋಗ ಬರೋದು ಫೈಟೊಪ್ಲಾಸ್ಮಾದಿಂದ. ಗೊಬ್ಬರದಿಂದ ಅದು ವಾಸಿಯಾಗಲ್ಲ, ಚೀಟಿಯಲ್ಲೂ ಕಾಣಲ್ಲ. ಪೋಷಕಾಂಶ ಸರಿ ಇದ್ದು, ಬಸಿಗಾಲುವೆ ಚೆನ್ನಾಗಿದ್ದರೆ ಮರ ಸ್ವಲ್ಪ ತಡೆದುಕೊಳ್ಳುತ್ತೆ. ಬರೀ ಸಾರಜನಕ, ಪೊಟ್ಯಾಷ್ ಕೊರತೆಯಿಂದಲೂ ಹಳದಿ ಬರಬಹುದು. ಹಾಗಾಗಿ ತೋಟಗಾರಿಕೆಯವರನ್ನು ಕರೆಸಿ ಗರಿ ತೋರಿಸಿ. ಇನ್ನೊಂದು ವಿಷಯ, ನಿಮ್ಮ ಚೀಟಿ ಭತ್ತದ ಹೆಸರಲ್ಲಿ ಬಂದಿದೆಯಾ ನೋಡಿ. ಗದ್ದೆ ತೋಟವಾದ ಮೇಲೂ ಹಳೆ ಬೆಳೆಯ ಶಿಫಾರಸೇ ಬರೋದು ಈಗ ಜಾಸ್ತಿ. ಫಲ ಕೊಡುವ ಅಡಿಕೆಗೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಅದು ಹೆಕ್ಟೇರ್ ಲೆಕ್ಕ ಅಲ್ಲ.

ಗದ್ದೆಯಂಚು:
ಎರಡು ಪಟ್ಟಿ "ಅಥವಾ" ಅನ್ನೋದು ನನಗೂ ಹೊಳೆದಿರಲಿಲ್ಲ. ಸುಣ್ಣ ಹಾಗಾದರೆ 150 ಕಿಲೋ, ಅಲ್ವಾ? ಕೆಸರು ಮಾಡುವಾಗ ಡಿಎಪಿ ಜೊತೆಗೇ ಹಾಕಿಸಲಾ?

ಹೊಸನಗರ ಕೃಷಿಕ:
ಜೊತೆಗೆ ಬೇಡವೇ ಬೇಡ. ಸುಣ್ಣ ಮುಟ್ಟಿದರೆ ಡಿಎಪಿಯ ಸಾರಜನಕ ಗಾಳಿಗೆ ಹೋಗುತ್ತೆ. ಎರಡು ಮೂರು ವಾರ ಮುಂಚೆ ಸುಣ್ಣ ಹಾಕಿ ಮಣ್ಣಿಗೆ ಸೇರಿಸಿ, ಆಮೇಲೆ ಗೊಬ್ಬರ. ಇದು ನಾನು ಖಂಡಿತವಾಗಿ ಹೇಳಬಲ್ಲೆ.

ಹಳೇ ಲ್ಯಾಬಿನವರು:
ಹೊಸನಗರದವರು ಹೇಳಿದ ಅಂತರ ಸರಿ. ಆದರೆ ಸುಣ್ಣ ಎಲ್ಲರಿಗೂ ಬೇಕು ಅನ್ನೋದಕ್ಕೆ ನನ್ನ ತಕರಾರು ಇದೆ. ಆ 30 ಗುಂಟೆ ಮಕ್ಕಿ ಗದ್ದೆಯೋ ಬೈಲು ಗದ್ದೆಯೋ?

ಲ್ಯಾಬಿನಲ್ಲಿ ನಾವು ಅಳೆಯೋದು ಒಣಗಿಸಿ ಪುಡಿ ಮಾಡಿದ ಮಣ್ಣು. 5.1 ಅನ್ನೋದು ಆ ಒಣ ಮಣ್ಣಿನ ಅಂಕಿ. ಬೈಲು ಗದ್ದೆಗೆ ನೀರು ನಿಲ್ಲಿಸಿದರೆ ಮೂರ್ನಾಲ್ಕು ವಾರದಲ್ಲಿ ರಸಸಾರ ತಾನಾಗಿಯೇ 6ರಿಂದ 6.5ರ ಹತ್ತಿರ ಏರುತ್ತೆ. ಗಾಳಿ ಇಲ್ಲದ ಕೆಸರಲ್ಲಿ ಕಬ್ಬಿಣದ ರೂಪ ಬದಲಾಗಿ ಹುಳಿ ಕಡಿಮೆಯಾಗುತ್ತೆ, ಅದರ ಜೊತೆ ಕಬ್ಬಿಣ ಹಿಡಿದಿಟ್ಟ ರಂಜಕವೂ ಸ್ವಲ್ಪ ಬಿಡುಗಡೆ ಆಗುತ್ತೆ. ಅಂದರೆ ಚೀಟಿಯಲ್ಲಿ "ರಂಜಕ ಕಡಿಮೆ" ಅಂತ ಬಂದಿದ್ದರೂ ನೀರು ನಿಂತ ಗದ್ದೆಯಲ್ಲಿ ಭತ್ತಕ್ಕೆ ಅಷ್ಟು ಕಷ್ಟ ಇರಲ್ಲ. ಮಕ್ಕಿ ಗದ್ದೆಯಲ್ಲಿ ನೀರು ನಿಲ್ಲಲ್ಲ, ನಾಲ್ಕು ದಿನ ಬಿಸಿಲು ಬಂದರೆ ಒಣಗುತ್ತೆ. ಅಲ್ಲಿ 5.1 ಅಂದರೆ 5.1 ಅಂತಲೇ ಭತ್ತ ಅನುಭವಿಸುತ್ತೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಚೀಟಿಯಲ್ಲಿ ಅಲ್ಯೂಮಿನಿಯಂ ಅಂಕಣವೇ ಇಲ್ಲ, ಹಾಗಾಗಿ ಅದು ರೈತರಿಗೆ ಕಾಣೋದೇ ಇಲ್ಲ. ಸುಣ್ಣ ಕೆಲಸ ಮಾಡೋದು ಅಲ್ಲಿ.

ಬೈಲಿನಲ್ಲಿ ನೋಡಬೇಕಾದ್ದು ಕಬ್ಬಿಣ. 4.5 ದಾಟಿದರೆ ಚೀಟಿ "ಸಾಕಷ್ಟು" ಅಂತ ಹೇಳಿ ಸುಮ್ಮನಾಗುತ್ತೆ. 48 ಇದ್ದರೂ ಅದೇ ಮಾತು. ಆದರೆ ಗುಡ್ಡದ ಬುಡದ ಬೈಲಿನಲ್ಲಿ ಜೌಗು ನೀರು ಇಳಿದು ಬಂದರೆ ಕಬ್ಬಿಣ ಅತಿಯಾಗಬಹುದು. ಕಾಲುವೆಯಲ್ಲಿ ಕೆಂಪು ಕೆಸರು, ನೀರಿನ ಮೇಲೆ ಎಣ್ಣೆಯಂಥ ಪದರ, ಕೆಳಗಿನ ಎಲೆಗಳಲ್ಲಿ ತುದಿಯಿಂದ ಕಂದು ಚುಕ್ಕೆ ಕಂಡರೆ ಅನುಮಾನ ಪಡಿ. ಅಲ್ಲಿ ನೀರು ಬಸಿದು ಬಿಡೋದು, ಪೊಟ್ಯಾಷ್ ತಪ್ಪಿಸದೆ ಕೊಡೋದು ಮುಖ್ಯ. ಕೆಲವರು ಅದನ್ನು ರೋಗ ಅಂತ ಔಷಧ ಹೊಡೆಯುತ್ತಾರೆ. ಹಣ ಹಾಳು.

ಹೊಸನಗರ ಕೃಷಿಕ:
ನೀರು ನಿಂತಾಗ ಹುಳಿ ಕಡಿಮೆಯಾಗುತ್ತೆ ಅನ್ನೋದು ನಿಜ ಇರಬಹುದು. ಆದರೆ ಸಸಿ ನಾಟಿಯಾದ ಮೊದಲ ಎರಡು ವಾರ ಬೇರು ಹಿಡಿಯೋ ಸಮಯ, ಆಗ ಹುಳಿ ಇದ್ದೇ ಇರುತ್ತೆ. ಕೊಯ್ಲಾದ ಮೇಲೆ ನಾವು ಉದ್ದು, ಅಲಸಂದೆ ಹಾಕುತ್ತೇವೆ. ಅವಕ್ಕೆ ಸುಣ್ಣ ಬೇಕು. ಬೈಲಿಗೆ ಬೇಡ ಅಂತ ನಾನು ಒಪ್ಪಲ್ಲ.

ಹಳೇ ಲ್ಯಾಬಿನವರು:
ಎರಡನೇ ಬೆಳೆಯ ಮಾತು ಸರಿಯಿದೆ. ಬೈಲಿನಲ್ಲಿ ದ್ವಿದಳ ಹಾಕುವವರು ಸುಣ್ಣ ಹಾಕಲಿ. ಬರೀ ಭತ್ತ ಬೆಳೆದು ಬಿಡುವವರಿಗೆ ಆ ಹಣ ಮೊದಲು ಸತುವಿಗೆ, ಪೊಟ್ಯಾಷ್‌ಗೆ ಹೋಗಲಿ ಅನ್ನೋದು ನನ್ನ ಅಭಿಪ್ರಾಯ.

ತುಂಗಾ ದಂಡೆ:
ಗದ್ದೆಯಂಚು, ಮಣ್ಣು ಎಲ್ಲಿಂದ ತೆಗೆದರು ಅಂತಲೂ ಕೇಳಿ. ಮಳೆ ಆಧಾರದ ಜಮೀನಿಗೆ 10 ಹೆಕ್ಟೇರಿಗೆ ಒಂದೇ ಮಾದರಿ ತೆಗೆಯುವ ಲೆಕ್ಕ ಇತ್ತು. ನಮ್ಮ ಕಡೆ 10 ಹೆಕ್ಟೇರಿನಲ್ಲಿ ಗುಡ್ಡ, ಮಕ್ಕಿ, ಬೈಲು ಎಲ್ಲ ಬಂದುಬಿಡುತ್ತೆ. ಪಕ್ಕದವರ ಚೀಟಿಯಲ್ಲೂ ಇದೇ ಅಂಕಿ ಇದ್ದರೆ ಅದು ಅವರ ಗದ್ದೆಯ ಮಣ್ಣಲ್ಲದೆಯೂ ಇರಬಹುದು.

ಗದ್ದೆಯಂಚು:
ಈಗಷ್ಟೇ ಫೋನ್ ಮಾಡಿದೆ. 30 ಗುಂಟೆಯಲ್ಲಿ ಮೇಲಿನ 10 ಗುಂಟೆ ಮಕ್ಕಿ, ಕೆಳಗಿನ 20 ಬೈಲು. ಮಣ್ಣು ತೆಗೆದದ್ದು ರಸ್ತೆ ಪಕ್ಕದ ಮೇಲಿನ ಗದ್ದೆಯಿಂದ. ಬೈಲಿನಿಂದ ತೆಗೆದೇ ಇಲ್ಲ. ಕೊಯ್ಲಿನ ನಂತರ ಅವರು ಏನೂ ಹಾಕಲ್ಲ.

ಹಳೇ ಲ್ಯಾಬಿನವರು:
ಹಾಗಾದರೆ ಆ ಚೀಟಿ 10 ಗುಂಟೆಯದ್ದು ಅಂತ ಸಭೆಯಲ್ಲಿ ಹೇಳಿ. ಸುಣ್ಣ ಮೇಲಿನ ಮಕ್ಕಿಗೆ ಮಾತ್ರ, 50 ಕಿಲೋ, ನಾಟಿಗೆ ಮೂರು ವಾರ ಮುಂಚೆ. ಗೊಬ್ಬರ ಈ ಹಂಗಾಮಿಗೆ ಚೀಟಿಯ ಪ್ರಕಾರವೇ ಎರಡೂ ಕಡೆ ಹಾಕಲಿ, ಬೇರೆ ಅಂಕಿ ಕೈಯಲ್ಲಿಲ್ಲವಲ್ಲ. ಬೈಲಿನ ಮಣ್ಣನ್ನು ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮುಂಚೆ ಬೇರೆಯಾಗಿ ತೆಗೆಸಿ. ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಣಿ ತೋಡಿ, ಗೋಡೆಯ ಮಣ್ಣು ಕೆರೆದು ಬೆರೆಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಬದು, ಗೊಬ್ಬರದ ಗುಡ್ಡೆ ಇದ್ದ ಜಾಗ, ಮರದ ನೆರಳು ಬಿಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು, ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ.

ಹೊಸನಗರ ಕೃಷಿಕ:
ಬೈಲಿನಲ್ಲಿ ಎರಡು ಗುಂಟೆಗಾದರೂ ಸುಣ್ಣ ಹಾಕಿಸಿ ನೋಡಿ. 10 ಕಿಲೋ ಸಾಕು. ಉಳಿದ ಗೊಬ್ಬರ ಎಲ್ಲ ಕಡೆ ಒಂದೇ ಇರಲಿ. ಕೊಯ್ಲಿನಲ್ಲಿ ಆ ಎರಡು ಗುಂಟೆ ಬೇರೆ ಬಡಿದು ತೂಗಿದರೆ ನಮ್ಮಿಬ್ಬರಲ್ಲಿ ಯಾರು ಸರಿ ಅಂತ ಗೊತ್ತಾಗುತ್ತೆ.

ತುಂಗಾ ದಂಡೆ:
ಪರದೆಗೆ ಹಾಕುವ ಮುಂಚೆ ಫೋಟೊದಲ್ಲಿ ಅವರ ಹೆಸರು, ಮೊಬೈಲ್ ನಂಬರ್, ಆಧಾರ್ ಇದ್ದರೆ ಮುಚ್ಚಿಬಿಡಿ. ಮಡಿಕೆ ಬಿದ್ದ ಕಡೆ ಚುಕ್ಕಿ ಕಾಣುತ್ತಾ ಅಂತಲೂ ನೋಡಿ, ಸತು 0.5 ಇದ್ದದ್ದು 05 ಅಂತ ಕಂಡರೆ ಹಿಂದೆ ಕೂತವರು 5 ಅಂತ ಓದುತ್ತಾರೆ.

ಗದ್ದೆಯಂಚು:
ಮುಚ್ಚುತ್ತೇನೆ. ಎರಡು ಗುಂಟೆಯ ವಿಷಯ ಅವರಿಗೆ ಹೇಳಿದೆ, ಒಪ್ಪಿದ್ದಾರೆ. ಕೆಳಗಿನ ಕಾಲುವೆಯಲ್ಲಿ ಕೆಂಪು ನೀರು ಬರುತ್ತೆ ಅಂತಲೂ ಹೇಳಿದರು. ಸಭೆಗೆ ಮುಂಚೆ ಹೋಗಿ ನೋಡಿ ಬರುತ್ತೇನೆ.