5 ರೂಪಾಯಿಯ ಚಟ್ನಿ ಪುಡಿ ಪೊಟ್ಟಣ ಚೆನ್ನಾಗಿ ಹೋಗುತ್ತಿದೆ, ಕೈಯಲ್ಲಿ ಹಣ ನಿಲ್ಲುತ್ತಿಲ್ಲ: ತೂಕ ಎಷ್ಟಿಡಬೇಕು?

ರೊಟ್ಟಿಬುತ್ತಿ

ನಾವು ಗದಗ ಕಡೆಯ ಏಳು ಹೆಂಗಸರು ಸೇರಿ ಶೇಂಗಾ ಚಟ್ನಿ ಪುಡಿ ಮಾಡಿ ಸುತ್ತಲಿನ ಹಳ್ಳಿಗಳ ಕಿರಾಣಿ ಅಂಗಡಿಗಳಿಗೆ ಹಾಕುತ್ತೇವೆ. ಮೊದಲು 200 ಗ್ರಾಂ ಪ್ಯಾಕೆಟ್ ಒಂದೇ ಇತ್ತು, ಬೆಲೆ 80 ರೂಪಾಯಿ. ಗದಗ ಪೇಟೆಯಲ್ಲಿ ಹೋಗುತ್ತಿತ್ತು, ಹಳ್ಳಿಯಲ್ಲಿ ತಿಂಗಳುಗಟ್ಟಲೆ ಕುಳಿತು ಹಿಂದಕ್ಕೆ ಬರುತ್ತಿತ್ತು. ಸಣ್ಣದು ಕೊಡಿ ಎಂದು ಅಂಗಡಿಯವರೇ ಕೇಳಿದ್ದರಿಂದ 15 ಗ್ರಾಮಿನದನ್ನು 5 ರೂಪಾಯಿಗೆ ಮಾಡಿದೆವು. ಅಂಗಡಿಗೆ 4 ರೂಪಾಯಿಗೆ ಕೊಡುತ್ತೇವೆ.

ನಾಲ್ಕು ತಿಂಗಳಿಂದ ಬೇಡಿಕೆ ಏರುತ್ತಲೇ ಇದೆ. ರಾತ್ರಿಯವರೆಗೆ ಕುಳಿತು ತುಂಬುತ್ತೇವೆ. ಆದರೆ ತಿಂಗಳ ಕೊನೆಗೆ ಹಂಚಿಕೊಳ್ಳಲು ಮೊದಲಿಗಿಂತ ಕಡಿಮೆ ಉಳಿಯುತ್ತಿದೆ. ಪೇಟೆಯಲ್ಲಿ 200 ಗ್ರಾಮಿನ ಮಾರಾಟವೂ ಅರ್ಧಕ್ಕೆ ಇಳಿದಿದೆ. ತೂಕ ಇಳಿಸಬೇಕೇ, ಬೆಲೆ 6 ಮಾಡಬೇಕೇ?

ತುಂಗಾತೀರ

ಅಕ್ಕ, ಕೈಯಿಂದ ತುಂಬುವುದೇ ನಿಮ್ಮ ತೊಂದರೆ. ತಾನೇ ತುಂಬಿ ಸೀಲು ಹಾಕುವ ಯಂತ್ರ ತೆಗೆದುಕೊಳ್ಳಿ. ನಾವು ಮಸಾಲೆ ಪುಡಿಗೆ ಅದನ್ನೇ ಬಳಸುತ್ತೇವೆ, ಮೂವರ ಕೆಲಸ ಒಬ್ಬರಿಂದ ಆಗುತ್ತದೆ.

ರೊಟ್ಟಿಬುತ್ತಿ

ಅಣ್ಣ, ಯಂತ್ರದ ಮಾತು ಆಮೇಲೆ. ಒಂದೊಂದು ಪೊಟ್ಟಣದಲ್ಲಿ ಏನೂ ಉಳಿಯದಿದ್ದರೆ ಬೇಗ ತುಂಬಿ ಏನು ಮಾಡಲಿ?

ಕಾವೇರಿಬಯಲು

ಬೆಲೆ 6 ಮಾಡಬೇಡಿ. ದೊಡ್ಡ ಕಂಪನಿಗಳು ಮಾಡುವಂತೆ 5 ರೂಪಾಯಿಯನ್ನು ಮುಟ್ಟದೆ ತೂಕವನ್ನಷ್ಟೇ ಇಳಿಸಿ. ಬಿಸ್ಕತ್ತು, ಚಿಪ್ಸ್ ಎಲ್ಲವೂ ಹಾಗೆಯೇ ನಡೆಯುತ್ತಿವೆ. ದೊಡ್ಡ ಪ್ಯಾಕೆಟ್ ಇಳಿದುದಕ್ಕೆ ಚಿಂತೆ ಬೇಡ. ಶಾಂಪೂವಿನಲ್ಲಿಯೂ ಸಣ್ಣ ಪೊಟ್ಟಣವೇ ಬಾಟಲಿಗಿಂತ ಅಗ್ಗ, ಅದೇ ಹೆಚ್ಚು ಮಾರಾಟವಾಗುತ್ತದೆ.

ಲೆಕ್ಕದಪುಸ್ತಕ

ಬೆಲೆಯ ಬಗ್ಗೆ ಕಾವೇರಿಬಯಲು ಅವರು ಹೇಳಿದ್ದು ಸರಿ. ಶಾಂಪೂವಿನ ಹೋಲಿಕೆ ಇಲ್ಲಿ ಹೊಂದುವುದಿಲ್ಲ, ಅದನ್ನು ನಂಬಿದರೆ ಇವರು ಇನ್ನಷ್ಟು ಕಳೆದುಕೊಳ್ಳುತ್ತಾರೆ. ಶಾಂಪೂವಿನಲ್ಲಿ ಬಾಟಲಿ ಮತ್ತು ಮುಚ್ಚಳವೇ ದುಬಾರಿ, ಪೊಟ್ಟಣದ ಹಾಳೆ ಅಗ್ಗ. ಚಟ್ನಿ ಪುಡಿಯಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಅದೇ ಬಗೆಯ ಹಾಳೆ. ಚಿಕ್ಕದಾದಷ್ಟೂ ಪ್ರತಿ ಗ್ರಾಮಿನ ಮೇಲೆ ಹಾಳೆ, ಸ್ಟಿಕ್ಕರ್, ಕೂಲಿ ಎಲ್ಲವೂ ಭಾರವಾಗುತ್ತವೆ.

ಅಕ್ಕ, ಪುಡಿ ಕಿಲೋಗೆ ಎಷ್ಟು ಬೀಳುತ್ತದೆ? ಒಲೆ, ಕೂಲಿ ಸೇರಿಸಿ ಹೇಳಿ. ಪೊಟ್ಟಣ ಅಚ್ಚು ಹಾಕಿಸಿದ್ದೋ, ಸ್ಟಿಕ್ಕರೋ?

ರೊಟ್ಟಿಬುತ್ತಿ

ಎಲ್ಲ ಸೇರಿ 190 ರೂಪಾಯಿ. ಸಾದಾ ಬೆಳ್ಳಿ ಪೊಟ್ಟಣ 40 ಪೈಸೆ, ಸ್ಟಿಕ್ಕರ್ 40 ಪೈಸೆ. ಅಚ್ಚಿನ ರೋಲ್ ಕೇಳಿದೆವು, ಅಚ್ಚೊತ್ತುವ ಸಿಲಿಂಡರಿನ ಖರ್ಚು ನಮ್ಮಿಂದಾಗದು. ತುಂಬಲು ಒಬ್ಬರಿಗೆ ದಿನಕ್ಕೆ 350 ರೂಪಾಯಿ, ಸಾವಿರ ಪೊಟ್ಟಣ ಮುಗಿಸುತ್ತಾರೆ.

ಲೆಕ್ಕದಪುಸ್ತಕ

ಹಾಗಾದರೆ 15 ಗ್ರಾಂ ಪುಡಿಗೆ 2.85, ಪೊಟ್ಟಣ 0.40, ಸ್ಟಿಕ್ಕರ್ 0.40, ತುಂಬುವ ಕೂಲಿ 0.35. ಕೂಡಿದರೆ ಸರಿಯಾಗಿ 4 ರೂಪಾಯಿ. ನೀವು ಅಂಗಡಿಗೆ ಕೊಡುವುದೂ 4 ರೂಪಾಯಿಗೆ. ಬಂಡಿ ಖರ್ಚು, ಹಿಂದಕ್ಕೆ ಬಂದ ಮಾಲು ಕೈಯಿಂದ ಹೋಗುತ್ತಿದೆ. ಬೇಡಿಕೆ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ.

ಪೇಟೆಯಲ್ಲಿ ದೊಡ್ಡದು ಏಕೆ ಇಳಿಯಿತು ಎಂಬುದಕ್ಕೆ ಉತ್ತರ ನಿಮ್ಮ ಸ್ಟಿಕ್ಕರಿನಲ್ಲೇ ಇದೆ. ಎಂಆರ್‌ಪಿ ಜೊತೆಗೆ ಗ್ರಾಮಿಗೆ ಎಷ್ಟು ಎಂದೂ ಬರೆಯಬೇಕೆಂಬ ನಿಯಮ ಇದೆ. ದೊಡ್ಡದರ ಮೇಲೆ 40 ಪೈಸೆ, ಚಿಕ್ಕದರ ಮೇಲೆ 33 ಪೈಸೆ ಎಂದಿರಬೇಕು. ಹದಿಮೂರು ಚಿಕ್ಕವು ಕೊಂಡರೆ 195 ಗ್ರಾಂ, 65 ರೂಪಾಯಿ. ನಿತ್ಯ ಕೊಳ್ಳುವ ಗೃಹಿಣಿ ಇದನ್ನು ಬಾಯಿಲೆಕ್ಕದಲ್ಲೇ ಹಿಡಿಯುತ್ತಾಳೆ. ದೊಡ್ಡದು ನಿಮಗೆ ಸುಮಾರು 41.50ಕ್ಕೆ ಬಿದ್ದು, ಅಂಗಡಿಗೆ 66ಕ್ಕೆ ಹೋದರೆ 24.50 ಉಳಿಯುತ್ತಿತ್ತು. ಆ ಗಿರಾಕಿಯನ್ನು ನೀವೇ ಏನೂ ಉಳಿಯದ ಪೊಟ್ಟಣಕ್ಕೆ ಎಳೆದಿದ್ದೀರಿ.

ಆದ್ದರಿಂದ ದೊಡ್ಡದರಂತೆ ಗ್ರಾಮಿಗೆ 40 ಪೈಸೆ ಹಿಡಿದು, 5 ರೂಪಾಯಿಗೆ 12.5 ಗ್ರಾಮಿಗಿಂತ ಹೆಚ್ಚು ಕೊಡಲೇಬೇಡಿ. 10 ಗ್ರಾಮಿಗೆ ಇಳಿಸಿದರೆ 3.05ಕ್ಕೆ ಬಿದ್ದು 95 ಪೈಸೆ ಉಳಿಯುತ್ತದೆ. ಜೊತೆಗೆ 10 ರೂಪಾಯಿಗೆ 24 ಗ್ರಾಂ ಮಾಡಿ. ಪೊಟ್ಟಣ 50 ಪೈಸೆ ಹಿಡಿದರೂ 5.81 ಆಗುತ್ತದೆ. ಅಂಗಡಿಗೆ 8.20ಕ್ಕೆ ಕೊಟ್ಟರೆ 2.39 ಉಳಿಯುತ್ತದೆ. ಸ್ಟಿಕ್ಕರೂ ಕೂಲಿಯೂ ಅಷ್ಟೇ, ಬೆಲೆ ಮಾತ್ರ ಎರಡರಷ್ಟು.

ಹಾನಗಲ್ಕಿರಾಣಿ

ಕೌಂಟರಿನ ಈಚೆಯಿಂದ ಒಂದು ಮಾತು. 5 ರೂಪಾಯಿಯ ಎರಡು ಮಾರಿದರೆ ನನಗೆ 2 ರೂಪಾಯಿ ಸಿಗುತ್ತದೆ. ನಿಮ್ಮ 10ರದಕ್ಕೆ 1.80 ಎಂದರೆ ನಾನು 5ರ ಮಾಲೆಯನ್ನೇ ಮುಂದೆ ತೂಗುಹಾಕುತ್ತೇನೆ. 8 ರೂಪಾಯಿಗೆ ಕೊಡಿ.

6, 7 ರೂಪಾಯಿ ಖಂಡಿತ ಬೇಡ. ಫೋನಿನಲ್ಲಿ ಹಣ ಹಾಕುವವರಿಗೆ ತೊಂದರೆಯಿಲ್ಲ, ಆದರೆ ಪೊಟ್ಟಣ ಕೊಳ್ಳಲು ಬರುವವರು ಮಕ್ಕಳು ಮತ್ತು ಹೊಲಕ್ಕೆ ಹೊರಟ ಹೆಂಗಸರು. ಕೈಯಲ್ಲಿ ನಾಣ್ಯ ಹಿಡಿದೇ ಬರುತ್ತಾರೆ, ನನ್ನಲ್ಲಿ ಚಿಲ್ಲರೆ ಇರುವುದಿಲ್ಲ.

ಮತ್ತೊಂದು, ಹಳ್ಳಿಯವರು ಯಾವಾಗಲೂ ಸಣ್ಣದನ್ನೇ ಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವಾರದ ಕೂಲಿ ಕೈಗೆ ಬಂದ ದಿನ ಅದೇ ಮನೆಯವರು ಎಣ್ಣೆ, ಸೋಪು ದೊಡ್ಡದನ್ನೇ ಒಯ್ಯುತ್ತಾರೆ. ವಾರದ ನಡುವೆ 5, 10ರ ಪೊಟ್ಟಣ. ಅವರಿಗೆ ದೊಡ್ಡದು ಬೇಡವೆಂದಲ್ಲ, ಅಂದು 80 ರೂಪಾಯಿ ಒಟ್ಟಿಗೆ ಇರುವುದಿಲ್ಲ. ಸಂತೆಯ ದಿನಕ್ಕೆ 30 ಅಥವಾ 40 ರೂಪಾಯಿಯದೊಂದು ಇದ್ದರೆ ನಾನು ಇಡುತ್ತೇನೆ.

ಕಾವೇರಿಬಯಲು

ಶಾಂಪೂವಿನ ವಿಷಯ ಒಪ್ಪಿದೆ. ಆದರೆ 15ರಿಂದ 10ಕ್ಕೆ ಇಳಿಸಿದರೆ ಗಿರಾಕಿ ಮೋಸ ಎನ್ನುವುದಿಲ್ಲವೇ?

ಲೆಕ್ಕದಪುಸ್ತಕ

ಅನ್ನುತ್ತಾರೆ, ಅದರಲ್ಲೂ ಪೊಟ್ಟಣ ಅದೇ ಅಳತೆಯದಾಗಿದ್ದು ಒಳಗೆ ಅರ್ಧ ಖಾಲಿಯಿದ್ದರೆ. ಪೊಟ್ಟಣವನ್ನೂ ಚಿಕ್ಕದು ಮಾಡಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ನಾಲ್ಕು ಮನೆಯ ಬುತ್ತಿಗೆ ಹಾಕುವ ಪುಡಿಯನ್ನು ತೂಗಿ ನೋಡಿ. ಒಬ್ಬರ ಒಂದು ಊಟಕ್ಕೆ 10 ಗ್ರಾಂ ಸಾಕಾದರೆ ಆ ತೂಕ ನಿಲ್ಲುತ್ತದೆ. ಸಾಲದೆ ಇನ್ನೊಂದು ಒಡೆಯಬೇಕಾದರೆ 5 ರೂಪಾಯಿಯದನ್ನು ಬಿಟ್ಟೇಬಿಡಿ, 10ರದರಿಂದಲೇ ಶುರುಮಾಡಿ.

ಹಾನಗಲ್ಕಿರಾಣಿ

ಎಣ್ಣೆಯ ವಿಷಯ ಯಾರೂ ಕೇಳಲಿಲ್ಲ. ಶೇಂಗಾ ಪುಡಿಯ ಮಾಲೆಯಿಂದ ಎಣ್ಣೆ ಜಿನುಗಿ ಪಕ್ಕದ ಟೀ ಪುಡಿ ಪೊಟ್ಟಣಗಳು ಹಾಳಾದುದನ್ನು ಕಂಡಿದ್ದೇನೆ. ಒಮ್ಮೆ ಹಾಗಾದರೆ ಆ ಮಾಲನ್ನು ಮತ್ತೆ ಇಡುವುದಿಲ್ಲ.

ಲೆಕ್ಕದಪುಸ್ತಕ

ಸೀಲು ಹಾಕುವ ಜಾಗದಲ್ಲಿ ಪುಡಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಪೊಟ್ಟಣ ಚಿಕ್ಕದಾದಷ್ಟೂ ಬಾಯಿ ಕಿರಿದು, ಪುಡಿ ಅಂಚಿಗೆ ಮೆತ್ತುವುದು ಹೆಚ್ಚು. ಕೊಳವೆ ಉದ್ದವಿರುವ ಲಾಳಿಕೆಯಿಂದ ತುಂಬಿ, ಅಂಚನ್ನು ಒಣಬಟ್ಟೆಯಿಂದ ಒರೆಸಿ ಸೀಲು ಹಾಕಿ. ಪ್ರತಿ ಸಲ ತುಂಬಿದ ಮಾಲಿನಿಂದ ಹತ್ತು ಪೊಟ್ಟಣ ತೆಗೆದು ವೃತ್ತಪತ್ರಿಕೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯ ಕಲೆ ಕಂಡರೆ ಆ ಸಲದ ಮಾಲು ಹೊರಗೆ ಹೋಗಬಾರದು.

ಸಹ್ಯಾದ್ರಿಮಳೆ

ಈ ಬೆಳ್ಳಿ ಪೊಟ್ಟಣಗಳು ನಮ್ಮೂರ ಹಳ್ಳದ ತುಂಬ ಇವೆ. ಹಲವು ಪದರದ ಹಾಳೆಯಾದ್ದರಿಂದ ಗುಜರಿಯವರೂ ಮುಟ್ಟುವುದಿಲ್ಲ. ಡಬ್ಬಿ ತಂದವರಿಗೆ ಬಿಡಿಯಾಗಿ ತೂಗಿ ಕೊಡಬಾರದೇ?

ಹಾನಗಲ್ಕಿರಾಣಿ

ಡಬ್ಬಿ ತರುವವರಿಗೆ ನಾನು ಕೊಟ್ಟೇನು. ಹೊಲಕ್ಕೆ ಹೊರಟವರು ಡಬ್ಬಿ ತರುವುದಿಲ್ಲ, ಮಳೆಗಾಲದಲ್ಲಿ ತೆರೆದ ಪುಡಿ ಗಂಟುಕಟ್ಟುತ್ತದೆ. ನನ್ನಲ್ಲಿ ಇದಕ್ಕೆ ಉತ್ತರವಿಲ್ಲ.

ರೊಟ್ಟಿಬುತ್ತಿ

ಮೂರು ವಾರವಾಯಿತು. ಬುತ್ತಿಗೆ ತೂಗಿ ನೋಡಿದೆವು. ಎರಡು ರೊಟ್ಟಿಗೆ 9ರಿಂದ 14 ಗ್ರಾಂ ಬಂತು, ಗಂಡಸರ ಬುತ್ತಿಯಲ್ಲಿ ಹೆಚ್ಚು. ಎರಡು ಹಳ್ಳಿಯಲ್ಲಿ 10 ರೂಪಾಯಿಯ 24 ಗ್ರಾಮಿನದು ಮಾತ್ರ ಇಟ್ಟೆವು, ಅಂಗಡಿಗೆ 8ಕ್ಕೆ ಕೊಟ್ಟೆವು. ಒಂದರಲ್ಲಿ ಪರವಾಗಿಲ್ಲ. ಇನ್ನೊಂದರಲ್ಲಿ ಶಾಲೆಯ ಪಕ್ಕದ ಅಂಗಡಿಯವರು 5 ರೂಪಾಯಿಯದು ಬೇಕೇಬೇಕು ಎನ್ನುತ್ತಾರೆ. ಪೇಟೆಯ ಅಂಗಡಿಗಳಿಗೆ ಚಿಕ್ಕದು ಕೊಡುವುದನ್ನು ನಿಲ್ಲಿಸಿದೆವು, 200 ಗ್ರಾಮಿನದು ಮತ್ತೆ ಕೇಳತೊಡಗಿದ್ದಾರೆ. ವೃತ್ತಪತ್ರಿಕೆಯ ಪರೀಕ್ಷೆಯಲ್ಲಿ ಹತ್ತರಲ್ಲಿ ಮೂರು ಕಲೆ ಬಿದ್ದವು!

ಲೆಕ್ಕದಪುಸ್ತಕ

ಮೂರು ಎಂದರೆ ಬಹಳ. ಮೊದಲು ಸೀಲು ಸರಿಮಾಡಿ, 5 ರೂಪಾಯಿಯ ತೀರ್ಮಾನ ಆಮೇಲೆ. ಶಾಲೆಯ ಪಕ್ಕದ ಅಂಗಡಿಗೆ ಮಾತ್ರ 10 ಗ್ರಾಮಿನ ನೂರು ಪೊಟ್ಟಣ ಕೊಟ್ಟು, ಎಷ್ಟು ದಿನಕ್ಕೆ ಮುಗಿಯಿತು, ಅಲ್ಲಿ 24 ಗ್ರಾಮಿನದು ಎಷ್ಟು ಇಳಿಯಿತು ಎಂದು ಬರೆದಿಡಿ.